20 ಲೀಟರ್ ಕ್ಯಾನಿನ ಬಯೋಗ್ಯಾಸ್ ಮಾದರಿ: ಲೆಕ್ಕದಲ್ಲಿ 36 ಲೀಟರ್, ಅಳತೆಯಲ್ಲಿ 1 ಲೀಟರ್

ಹರಿಹರ_ಸಿವಿಲ್

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ದಾವಣಗೆರೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇವೆ. ಪರಿಸರ ಎಂಜಿನಿಯರಿಂಗ್ ಪ್ರಾಜೆಕ್ಟಿಗಾಗಿ ಹಾಸ್ಟೆಲ್ ಮೆಸ್ಸಿನ ಮುಸುರೆಯಿಂದ ಗ್ಯಾಸ್ ತೆಗೆಯುವ ಸಣ್ಣ ಮಾದರಿಯೊಂದನ್ನು ಕಟ್ಟಿದ್ದೇವೆ. ಕುಡಿಯುವ ನೀರಿನ 20 ಲೀಟರ್ ಕ್ಯಾನಿನಲ್ಲಿ 5 ಕಿಲೋ ಹಸುವಿನ ಸಗಣಿಯನ್ನು 10 ಲೀಟರ್ ನೀರಿನಲ್ಲಿ ಕದಡಿ ತುಂಬಿದೆವು. ಮುಸುರೆ ಹಾಕಲು ತಳದವರೆಗೆ ಇಳಿಯುವ ಪಿವಿಸಿ ಪೈಪು, ಹೆಚ್ಚಾದ ಬಗ್ಗಡ ಹೊರಬರಲು ಪಕ್ಕದಲ್ಲಿ ಇನ್ನೊಂದು ಪೈಪು, ಗ್ಯಾಸಿಗೆ ಮೇಲೆ ಸಲೈನ್ ಬಾಟಲಿಯ ನಳಿಗೆ ಇವೆ. ಆ ನಳಿಗೆ ನೀರು ತುಂಬಿದ ಇನ್ನೊಂದು ಕ್ಯಾನಿಗೆ ಹೋಗುತ್ತದೆ, ಗ್ಯಾಸು ಎಷ್ಟು ನೀರನ್ನು ಹೊರಗೆ ತಳ್ಳುತ್ತದೆಯೋ ಅಷ್ಟನ್ನು ಜಾರಿನಲ್ಲಿ ಅಳೆಯುತ್ತೇವೆ.

ಹನ್ನೆರಡನೆಯ ದಿನ ಗ್ಯಾಸು ಹೊತ್ತಿಕೊಂಡಿತು. ಹದಿನೈದನೆಯ ದಿನದಿಂದ ದಿನಕ್ಕೆ 300 ಗ್ರಾಂ ಮುಸುರೆಯನ್ನು ಮಿಕ್ಸಿಯಲ್ಲಿ ರುಬ್ಬಿ ಅಷ್ಟೇ ನೀರು ಬೆರೆಸಿ ಹಾಕಲು ಶುರು ಮಾಡಿದೆವು. ನಮ್ಮ ಲೆಕ್ಕ ಹೀಗಿತ್ತು: ಮುಸುರೆಯಲ್ಲಿ ಒಣ ಅಂಶ ಶೇ 22, ಅದರಲ್ಲಿ ಸುಟ್ಟರೆ ಹಾರಿಹೋಗುವ ಭಾಗ, ಅಂದರೆ ವೊಲಟೈಲ್ ಸಾಲಿಡ್ಸ್, ಶೇ 90, ಅಲ್ಲಿಗೆ ದಿನಕ್ಕೆ ಸುಮಾರು 59 ಗ್ರಾಂ. ಗ್ರಾಂ ಒಂದಕ್ಕೆ 0.6 ಲೀಟರ್ ಗ್ಯಾಸ್ ಎಂದು ಹಿಡಿದರೆ ದಿನಕ್ಕೆ 36 ಲೀಟರ್ ಬರಬೇಕಿತ್ತು. ಆದರೆ ಆರು ದಿನಗಳಲ್ಲಿ ಅಳತೆಗೆ ಸಿಕ್ಕಿದ್ದು ಕ್ರಮವಾಗಿ 14, 17, 11, 6, 3 ಮತ್ತು 1 ಲೀಟರ್. ಮೂರನೆಯ ದಿನದಿಂದ ಗ್ಯಾಸು ಉರಿಯುತ್ತಲೂ ಇಲ್ಲ. ಸೋಪಿನ ನೊರೆ ಹಚ್ಚಿ ನೋಡಿದೆವು, ಎಲ್ಲಿಯೂ ಸೋರಿಕೆ ಕಾಣಲಿಲ್ಲ. ತಪ್ಪಿರುವುದು ಲೆಕ್ಕದಲ್ಲೋ ಕಟ್ಟಿದ್ದರಲ್ಲೋ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ತೋಟದಮನೆ_ಶಿರಸಿ

ತಮ್ಮಾ, ಮನೆಗೆ ಗ್ಯಾಸ್ ಬೇಕೆಂದರೆ ಮುಸುರೆಯ ಸಹವಾಸಕ್ಕೇ ಹೋಗಬೇಡಿ. ನಮ್ಮಲ್ಲಿ 2 ಘನ ಮೀಟರಿನ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಇದೆ. ದಿನಕ್ಕೆ 50 ಕಿಲೋ ಸಗಣಿಯನ್ನು ಅಷ್ಟೇ ನೀರಿನಲ್ಲಿ ಕಲಸಿ ಬಿಡುತ್ತೇವೆ, ಬೆಳಗಿನ ತಿಂಡಿ, ಎರಡು ಹೊತ್ತಿನ ಊಟ, ಚಹ ಎಲ್ಲವೂ ಅದರಲ್ಲೇ ಆಗುತ್ತದೆ. ಶಿರಸಿ ಸೀಮೆಯಲ್ಲಿ ಗೋಬರ್ ಗ್ಯಾಸ್ ಇಲ್ಲದ ತೋಟಿಗರ ಮನೆ ಹುಡುಕುವುದೇ ಕಷ್ಟ. ಒಂದು ಕಿಲೋ ಸಗಣಿಗೆ 40 ಲೀಟರ್ ಗ್ಯಾಸ್ ಎಂಬುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ನೀವು 5 ಕಿಲೋ ಹಾಕಿದ್ದೀರಿ, ಬರೀ ಸಗಣಿಯಿಂದಲೇ 200 ಲೀಟರ್ ಬರಬೇಕಾಗಿತ್ತಲ್ಲ! ನಿಮ್ಮ ಕ್ಯಾನು ಎಲ್ಲೋ ಸೋರುತ್ತಿದೆ ಎಂದೇ ನನಗನ್ನಿಸುತ್ತದೆ.

ಬಗ್ಗಡದ_ಲೆಕ್ಕ

ಡೈಜೆಸ್ಟರುಗಳ ಜೊತೆ ಹದಿನೆಂಟು ವರ್ಷ ಕಳೆದವಳಾಗಿ ಹೇಳುತ್ತಿದ್ದೇನೆ, ಇದು ಸೋರಿಕೆಯ ಲಕ್ಷಣವಲ್ಲ. ಸೋರುವ ಕ್ಯಾನು ಮೊದಲ ದಿನದಿಂದಲೇ ಕಡಿಮೆ ತೋರಿಸುತ್ತದೆ, ಆದರೆ ಸಿಕ್ಕಷ್ಟು ಗ್ಯಾಸು ಉರಿಯುತ್ತದೆ. ಎರಡು ದಿನ ಏರಿ, ಮೂರನೆಯ ದಿನ ಉರಿಯುವುದನ್ನು ನಿಲ್ಲಿಸಿ, ಆಮೇಲೆ ಪ್ರಮಾಣವೂ ಕುಸಿಯಿತು ಎಂದರೆ ಒಳಗೆ ಹುಳಿಯಾಗಿದೆ ಎಂದೇ ಅರ್ಥ.

ಗುಣಾಕಾರ ಸರಿಯಾಗಿಯೇ ಇದೆ, ಆದರೆ ಅದರ ಹಿಂದಿನ ಒಂದು ಷರತ್ತನ್ನು ನೀವು ಗಮನಿಸಿಲ್ಲ. 15 ಲೀಟರ್ ಬಗ್ಗಡಕ್ಕೆ ದಿನಕ್ಕೆ 59 ಗ್ರಾಂ ಎಂದರೆ ಲೀಟರಿಗೆ ಸುಮಾರು 4 ಗ್ರಾಂ ಆಯಿತು. ಹೊಸದಾಗಿ ಶುರುವಾದ, ಕದಡುವ ಏರ್ಪಾಡಿಲ್ಲದ, ಬಿಸಿ ಮಾಡದ ಕ್ಯಾನಿಗೆ ಲೀಟರಿಗೆ 1 ಗ್ರಾಂ ದಾಟಿಸುವುದೇ ಧೈರ್ಯದ ಕೆಲಸ. ಅನ್ನ, ಚಪಾತಿ, ಸಾಂಬಾರಿನ ತರಕಾರಿಗಳನ್ನು ಒಡೆದು ಆಮ್ಲ ಮಾಡುವ ಸೂಕ್ಷ್ಮಜೀವಿಗಳು ಗಂಟೆಗಳಲ್ಲಿ ಇಮ್ಮಡಿಯಾಗುತ್ತವೆ, ಆ ಆಮ್ಲವನ್ನು ತಿಂದು ಮೀಥೇನ್ ಬಿಡುವವು ಇಮ್ಮಡಿಯಾಗಲು ದಿನಗಳನ್ನೇ ತೆಗೆದುಕೊಳ್ಳುತ್ತವೆ. ಸಗಣಿಯಲ್ಲಿರುವುದು ಬಹುಪಾಲು ನಿಧಾನವಾಗಿ ಕರಗುವ ನಾರು, ಹಾಗಾಗಿ ಅಲ್ಲಿ ಈ ಎರಡು ಗುಂಪುಗಳ ನಡುವೆ ಜಗಳವೇ ಬರುವುದಿಲ್ಲ. ಅನ್ನ ಹಾಗಲ್ಲ. ನಿಮಗೆ ಮೊದಲ ಎರಡು ದಿನ ಬಂದ 14 ಮತ್ತು 17 ಲೀಟರಿನಲ್ಲಿ ದೊಡ್ಡ ಪಾಲು ಆಮ್ಲ ಹುಟ್ಟುವಾಗ ಬಿಡುಗಡೆಯಾದ ಇಂಗಾಲದ ಡೈಆಕ್ಸೈಡ್ ಇದ್ದಿರಬೇಕು, ಅದು ಉರಿಯುವ ಗ್ಯಾಸಲ್ಲ.

ಶಿರಸಿಯವರ 40 ಲೀಟರಿನ ಲೆಕ್ಕವೂ ಸುಳ್ಳಲ್ಲ, ಆದರೆ ಅದು ಒಂದು ದಿನದ ಲೆಕ್ಕವಲ್ಲ. ಒಂದು ಕಿಲೋ ಸಗಣಿ ಟ್ಯಾಂಕಿನೊಳಗಿದ್ದ ಅಷ್ಟೂ ದಿನಗಳಲ್ಲಿ ಒಟ್ಟು ಕೊಡುವುದು ಅಷ್ಟು. ದಿನವೂ ಸಗಣಿ ಬೀಳುವ ಮನೆಯಲ್ಲಿ ಹಳೆಯದೂ ಹೊಸದೂ ಸೇರಿ ದಿನದ ಲೆಕ್ಕ ಸರಿಹೋಗುತ್ತದೆ. ಈ ಹುಡುಗರು 5 ಕಿಲೋ ಸಗಣಿಯನ್ನು ಒಂದೇ ಸಲ ಹಾಕಿದ್ದಾರೆ. 200 ಲೀಟರನ್ನು 50 ದಿನಗಳಿಗೆ ಹಂಚಿದರೆ ದಿನಕ್ಕೆ 4 ಲೀಟರ್ ಬೀಳುತ್ತದೆ. ಇಲ್ಲಿಯೇ ಇನ್ನೊಂದು ತೊಂದರೆ ಅಡಗಿದೆ: ನೀವು ಮುಸುರೆಯದೆಂದು ಬರೆದುಕೊಂಡ ಗ್ಯಾಸಿನಲ್ಲಿ ಸಗಣಿಯ ಪಾಲೂ ಸೇರಿದೆ, ಅದನ್ನು ನೀವು ಎಲ್ಲಿಯೂ ಕಳೆದಿಲ್ಲ.

ಬಗ್ಗಡದ ಪಿಎಚ್ ಎಷ್ಟಿದೆ, ಕ್ಯಾನಿನ ಒಳಗಿನ ಉಷ್ಣತೆ ಎಷ್ಟಿದೆ, ಹೊರಬರುವ ಬಗ್ಗಡದ ವಾಸನೆ ಹೇಗಿದೆ ಎಂಬ ಮೂರು ವಿಷಯಗಳನ್ನು ಮೊದಲು ತಿಳಿಸಿ. ಸದ್ಯಕ್ಕೆ ಮುಸುರೆ ಹಾಕುವುದನ್ನು ಇವತ್ತೇ ನಿಲ್ಲಿಸಿ.

ಹರಿಹರ_ಸಿವಿಲ್

ಮೇಡಂ, ಪೇಪರಿನಲ್ಲಿ ನೋಡಿದರೆ ಪಿಎಚ್ 5.2ರ ಆಸುಪಾಸಿನಲ್ಲಿದೆ. ಉಷ್ಣತೆ 28 ಡಿಗ್ರಿ. ವಾಸನೆ ಹುಳಿಬಂದ ಹಿಟ್ಟಿಗೆ ಕೆಟ್ಟ ಬೆಣ್ಣೆ ಬೆರೆಸಿದ ಹಾಗಿದೆ, ಮೊದಲಿನ ಸಗಣಿ ವಾಸನೆ ಈಗ ಸ್ವಲ್ಪವೂ ಇಲ್ಲ.

ಕೆಮಿಸ್ಟ್ರಿ_ಮೇಷ್ಟ್ರು

ಇದರ ಪರಿಹಾರ ಸುಲಭವಿದೆ. ಆಮ್ಲವಾಗಿದೆ ಎಂದಾದರೆ ಪ್ರತ್ಯಾಮ್ಲ ಹಾಕಿದರಾಯಿತು. ಎಲೆ ಅಡಿಕೆಗೆ ಬಳಸುವ ಸುಣ್ಣವನ್ನೇ ತಿಳಿಯಾಗಿ ಕದಡಿ, ಪಿಎಚ್ 7ಕ್ಕೆ ಬರುವವರೆಗೆ ಹಾಕಿರಿ. ನಾಳೆಯಿಂದಲೇ ಮತ್ತೆ 300 ಗ್ರಾಂ ಮುಸುರೆ ಹಾಕಬಹುದು.

ಬಗ್ಗಡದ_ಲೆಕ್ಕ

ಮೇಷ್ಟ್ರೇ, ನಿಮ್ಮ ಮಾತಿನ ಮೊದಲರ್ಧವನ್ನು ಒಪ್ಪುತ್ತೇನೆ, ಸುಣ್ಣವನ್ನು ಮಾತ್ರ ಒಪ್ಪಲಾರೆ. ಪಿಎಚ್ ಆರೂವರೆ ದಾಟಿದ ಮೇಲೆ ಹಾಕಿದ ಸುಣ್ಣವು ಕ್ಯಾನಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸುಣ್ಣಕಲ್ಲಿನ ಪುಡಿಯಾಗಿ ತಳಕ್ಕೆ ಇಳಿಯುತ್ತದೆ. ಆಗ ಪಿಎಚ್ ಏರುವುದು ನಿಲ್ಲುತ್ತದೆ, ಮೇಲಿನ ಗ್ಯಾಸು ಕಡಿಮೆಯಾಗಿ ಕ್ಯಾನು ಒಳಕ್ಕೆ ಎಳೆದುಕೊಳ್ಳುತ್ತದೆ. ಅಳತೆಯ ಕ್ಯಾನಿನ ನೀರು ನಳಿಗೆಯಲ್ಲಿ ಹಿಂದಕ್ಕೆ ಬಂದು ಬಗ್ಗಡಕ್ಕೆ ಬಿದ್ದದ್ದನ್ನು, ಎಲ್ಲೋ ಒಂದು ಸಂದಿಯಿಂದ ಗಾಳಿ ನುಗ್ಗಿದ್ದನ್ನು ನಾನೇ ನೋಡಿದ್ದೇನೆ. ಅದರ ಬದಲು ಅಡುಗೆ ಸೋಡಾ ಬಳಸಬಹುದು, 15 ಲೀಟರಿಗೆ 30 ಗ್ರಾಂ ಸಾಕು. ಅದಕ್ಕಿಂತ ಹೆಚ್ಚು ಸುರಿಯುತ್ತಾ ಹೋದರೆ ಸೋಡಿಯಂ ತಾನೇ ವಿಷವಾಗುತ್ತದೆ, ಸಾಂಬಾರಿನ ಉಪ್ಪು ಬೇರೆ ಅದರಲ್ಲಿ ಆಗಲೇ ಇದೆ.

ಆದರೆ ಸೋಡಾದಿಂದ ಹುಳಿ ಇಳಿಯುತ್ತದೆಯೇ ಹೊರತು ಸತ್ತ ಸೂಕ್ಷ್ಮಜೀವಿಗಳು ಎದ್ದು ಬರುವುದಿಲ್ಲ. ನಿಜವಾದ ಮದ್ದು ಚೆನ್ನಾಗಿ ಉರಿಯುತ್ತಿರುವ ಗೋಬರ್ ಗ್ಯಾಸಿನ ಹೊರಬಾಯಿಯಿಂದ ತಂದ ಬಗ್ಗಡ. ಹಸಿ ಸಗಣಿಗೂ ಅದಕ್ಕೂ ಹಾಲಿಗೂ ಹೆಪ್ಪಿಗೂ ಇರುವಷ್ಟು ವ್ಯತ್ಯಾಸವಿದೆ.

ಹರಿಹರ_ಸಿವಿಲ್

ಒಳ್ಳೆಯ ಸುದ್ದಿ ಇದೆ! ನಿನ್ನೆ ಸಂಜೆ 30 ಗ್ರಾಂ ಸೋಡಾ ಹಾಕಿದೆವು. ಬೆಳಗಾಗುವಷ್ಟರಲ್ಲಿ 6 ಲೀಟರ್ ಗ್ಯಾಸ್ ಬಂದಿದೆ. ಇದನ್ನು ಚೇತರಿಕೆಯ ಮೊದಲ ದಿನ ಎಂದು ವರದಿಯಲ್ಲಿ ಬರೆಯಬಹುದೇ?

ಬಗ್ಗಡದ_ಲೆಕ್ಕ

ಅದನ್ನು ಹೊತ್ತಿಸಿ ನೋಡಿದಿರಾ? ಉರಿದಿರಲಾರದು. 84 ಗ್ರಾಂ ಅಡುಗೆ ಸೋಡಾ ಹುಳಿಯ ಜೊತೆ ಪೂರ್ತಿ ಸೇರಿದರೆ ಸಾಮಾನ್ಯ ಉಷ್ಣತೆಯಲ್ಲಿ 25 ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್ ಏಳುತ್ತದೆ, ಆ ಲೆಕ್ಕದಲ್ಲಿ ನಿಮ್ಮ 30 ಗ್ರಾಮಿಗೆ ಸುಮಾರು 9 ಲೀಟರ್. ಬಂದ 6 ಲೀಟರ್ ಸೋಡಾದ್ದೇ, ಉಳಿದದ್ದು ನೀರಿನಲ್ಲಿ ಕರಗಿರಬಹುದು. ಇಡ್ಲಿ ಹಿಟ್ಟಿಗೆ ಸೋಡಾ ಹಾಕಿದಾಗ ಉಬ್ಬುವುದಿಲ್ಲವೇ, ಇದೂ ಅದೇ. ಆ ದಿನದ ಅಂಕಿಯನ್ನು ವರದಿಯಲ್ಲಿ ಇಡಿ, ಆದರೆ ಗ್ಯಾಸಿನ ಇಳುವರಿಯಲ್ಲಿ ಸೇರಿಸಬೇಡಿ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಕ್ಯಾನಿನ ಬಾಯಿಯ ಹತ್ತಿರ ಬೆಂಕಿ ಹಿಡಿಯಬೇಡಿ. ಒಳಗೆ ಗಾಳಿ ಬೆರೆತಿದ್ದರೆ ಮೀಥೇನ್ ಶೇ 5ರಿಂದ 15ರವರೆಗೆ ಇರುವಾಗ ಸಿಡಿಯುತ್ತದೆ. ಗ್ಯಾಸನ್ನು ಸಿರಿಂಜಿಗೆ ಎಳೆದುಕೊಂಡು, ಕ್ಯಾನಿನಿಂದ ದೂರ ಹೋಗಿ, ಸೂಜಿಯ ತುದಿಯಲ್ಲಿ ಹೊತ್ತಿಸಿ.

ಅಳತೆಗೋಲು

ಈ ಚರ್ಚೆಯಲ್ಲಿ ಎಲ್ಲರೂ ಕ್ಯಾನಿನ ಒಳಗಿನದನ್ನು ನೋಡುತ್ತಿದ್ದೀರಿ, ಅಳೆಯುವ ನೀರಿನ ಕಡೆಗೆ ಯಾರೂ ಗಮನ ಕೊಟ್ಟಿಲ್ಲ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. 25 ಡಿಗ್ರಿಯಲ್ಲಿ ಶುದ್ಧ ಇಂಗಾಲದ ಡೈಆಕ್ಸೈಡಿನ ಕೆಳಗಿರುವ ಒಂದು ಲೀಟರ್ ನೀರು ಕೊನೆಗೆ ಮುಕ್ಕಾಲು ಲೀಟರಿಗಿಂತ ಹೆಚ್ಚೇ ಹೀರಿಕೊಳ್ಳಬಲ್ಲದು. ನಿಮ್ಮ ಅಳತೆಯ ಕ್ಯಾನಿನಲ್ಲಿ 20 ಲೀಟರ್ ಸಾದಾ ನೀರಿದೆ. ಗ್ಯಾಸಿನಲ್ಲಿ ಅರ್ಧಪಾಲು ಇಂಗಾಲದ ಡೈಆಕ್ಸೈಡ್ ಇದ್ದರೆ, ಸಮತೋಲಕ್ಕೆ ಬರುವಷ್ಟು ಸಮಯ ಸಿಕ್ಕರೆ, 8 ಲೀಟರಿನಷ್ಟು ಆ ನೀರಿನಲ್ಲೇ ಮಾಯವಾಗುತ್ತದೆ. ಅದೇ ನೀರನ್ನು ದಿನವೂ ತಿರುಗಿಸಿ ತುಂಬುತ್ತಿದ್ದರೆ ಮೊದಲ ದಿನಗಳಲ್ಲಿ ಹೆಚ್ಚು ಕಳೆದುಹೋಗಿ, ಆಮೇಲೆ ಕಡಿಮೆ ಕಳೆದುಹೋಗುತ್ತದೆ. ಅಂದರೆ ನಿಮ್ಮ ಗ್ರಾಫಿನ ಆಕಾರವನ್ನೇ ನಂಬುವಂತಿಲ್ಲ.

5 ಲೀಟರಿನ ಸಣ್ಣ ಕ್ಯಾನು ತೆಗೆದುಕೊಳ್ಳಿ. ಅದರ ನೀರಿಗೆ ಇನ್ನು ಕರಗುವುದಿಲ್ಲ ಎನ್ನುವವರೆಗೆ ಕಲ್ಲುಪ್ಪು ಹಾಕಿ, ಲೀಟರಿಗೆ ಸುಮಾರು 350 ಗ್ರಾಂ ಹಿಡಿಯುತ್ತದೆ. ಜೊತೆಗೆ ನಿಂಬೆಹುಳಿಯ ಪುಡಿಯನ್ನು, ಅಂದರೆ ಅಂಗಡಿಯಲ್ಲಿ ಸಿಟ್ರಿಕ್ ಆಸಿಡ್ ಎಂದು ಕೊಡುತ್ತಾರಲ್ಲ ಅದನ್ನು, ಪಿಎಚ್ 3ಕ್ಕೆ ಇಳಿಯುವಷ್ಟು ಬೆರೆಸಿ. ಉಪ್ಪುನೀರಿನಲ್ಲಿ ಅನಿಲಕ್ಕೆ ಜಾಗ ಕಡಿಮೆ, ಹುಳಿಯಿರುವಲ್ಲಿ ಅದು ಬೈಕಾರ್ಬನೇಟ್ ಆಗಿ ಕೂರುವುದೂ ಇಲ್ಲ.

ಖಾನಾವಳಿ_ಹುಬ್ಬಳ್ಳಿ

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆ ಇರಲಿ. ನಾನು ಹುಬ್ಬಳ್ಳಿಯಲ್ಲಿ ಜೋಳದ ರೊಟ್ಟಿ ಊಟದ ಖಾನಾವಳಿ ನಡೆಸುತ್ತೇನೆ. ನಮ್ಮಲ್ಲಿ ದಿನಕ್ಕೆ 15 ಕಿಲೋ ಮುಸುರೆ ಬೀಳುತ್ತದೆ. ಸದ್ಯ ಎರಡು ದಿನಕ್ಕೊಂದು 19 ಕಿಲೋದ ಸಿಲಿಂಡರ್ ಬೇಕಾಗುತ್ತದೆ. ಪ್ಲಾಂಟ್ ಹಾಕಿಕೊಡುತ್ತೇನೆ ಎಂದು ಬಂದವರೊಬ್ಬರು ಸಿಲಿಂಡರ್ ಖರ್ಚು ಅರ್ಧಕ್ಕೆ ಇಳಿಯುತ್ತದೆ ಎಂದು ಹೇಳಿ ಹೋಗಿದ್ದಾರೆ. ಅದು ನಿಜವೇ?

ಬಗ್ಗಡದ_ಲೆಕ್ಕ

ಅಮ್ಮಾ, ನಿಮ್ಮ ಪ್ರಶ್ನೆ ಬೇರೆಯಾದರೂ ಲೆಕ್ಕದ ದಾರಿ ಒಂದೇ. 15 ಕಿಲೋ ಮುಸುರೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಗ್ಯಾಸಾಗಬಲ್ಲ ಒಣ ಭಾಗ ಹೆಚ್ಚೆಂದರೆ ಮೂರು ಕಿಲೋದಷ್ಟು. ಕಿಲೋ ಒಂದಕ್ಕೆ ಅರ್ಧ ಘನ ಮೀಟರ್ ಎಂದು ಸ್ವಲ್ಪ ಉದಾರವಾಗಿಯೇ ಹಿಡಿದರೂ ದಿನಕ್ಕೆ ಒಂದೂವರೆ ಘನ ಮೀಟರ್ ಗ್ಯಾಸು. ಒಂದು ಘನ ಮೀಟರ್ ಬಯೋಗ್ಯಾಸಿನ ಶಾಖ ಸುಮಾರು 0.45 ಕಿಲೋ ಎಲ್‌ಪಿಜಿಗೆ ಸಮ. ಅಲ್ಲಿಗೆ ದಿನಕ್ಕೆ ಮುಕ್ಕಾಲು ಕಿಲೋದೊಳಗೆ, ತಿಂಗಳಿಗೆ ಒಂದು ಸಿಲಿಂಡರ್ ಉಳಿಯುತ್ತದೆ. ನಿಮಗೆ ತಿಂಗಳಿಗೆ ಹದಿನೈದು ಬೇಕು. ಅರ್ಧ ಎಂದವರು 15 ಕಿಲೋವನ್ನೂ ಒಣ ತೂಕವೆಂದು ಹಿಡಿದಿರಬೇಕು, ಇಲ್ಲವೇ ಲೆಕ್ಕವನ್ನೇ ಮಾಡಿರಲಾರರು.

ಖಾನಾವಳಿ_ಹುಬ್ಬಳ್ಳಿ

ಹದಿನೈದರಲ್ಲಿ ಒಂದು ಎಂದರೆ ದುಡ್ಡಿನ ಲೆಕ್ಕಕ್ಕೆ ಸಾಲದು. ಆದರೆ ಮುಸುರೆ ಒಯ್ಯುವವರಿಗೆ ಕೊಡುವ ದುಡ್ಡೂ ಉಳಿಯುತ್ತದಲ್ಲ, ಅದನ್ನೂ ಸೇರಿಸಿ ಯೋಚಿಸುತ್ತೇನೆ.

ಹರಿಹರ_ಸಿವಿಲ್

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಮೇಡಂ ಹೇಳಿದಂತೆ 10 ಲೀಟರ್ ಹಳೆಯ ಬಗ್ಗಡವನ್ನು ತೆಗೆದು, ನಮ್ಮೂರ ಪಕ್ಕದ ಮನೆಯ ಗೋಬರ್ ಗ್ಯಾಸಿನಿಂದ ತಂದ 10 ಲೀಟರ್ ಬಗ್ಗಡ ತುಂಬಿದೆವು. ಎಂಟು ದಿನ ಏನನ್ನೂ ಹಾಕಲಿಲ್ಲ. ಪಿಎಚ್ 7ಕ್ಕೆ ಬಂದು, ಸೂಜಿಯ ತುದಿಯಲ್ಲಿ ನೀಲಿ ಉರಿ ಕಂಡ ಮೇಲೆ 30 ಗ್ರಾಮಿನಿಂದ ಶುರುಮಾಡಿ, ನಿಧಾನವಾಗಿ ಏರಿಸಿ, ಈಗ 18 ದಿನಗಳಿಂದ ದಿನಕ್ಕೆ 60 ಗ್ರಾಂ ಮುಸುರೆಯನ್ನು 240 ಮಿಲಿ ನೀರಿನೊಂದಿಗೆ ಹಾಕುತ್ತಿದ್ದೇವೆ. ದಿನಕ್ಕೊಂದು ಬಗೆಯ ಊಟವಾದರೆ ಲೆಕ್ಕ ಕೆಡುತ್ತದೆಂದು ಒಂದೇ ಸಲಕ್ಕೆ 4 ಕಿಲೋ ಮುಸುರೆ ರುಬ್ಬಿ, 60 ಗ್ರಾಮಿನ ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿ ಇಟ್ಟಿದ್ದೇವೆ. ನಿಂಬೆ ಸಿಪ್ಪೆ, ಮೊಟ್ಟೆ ಚಿಪ್ಪು, ಮೂಳೆಗಳನ್ನು ಮೊದಲೇ ಆರಿಸಿ ತೆಗೆದೆವು.

ಈ ಸಲ ಶೇ 22 ಎಂದು ಎಲ್ಲಿಂದಲೋ ತೆಗೆದುಕೊಳ್ಳಲಿಲ್ಲ. 20 ಗ್ರಾಂ ಮುಸುರೆಯನ್ನು ಓವನ್ನಿನಲ್ಲಿ 105 ಡಿಗ್ರಿಗೆ ರಾತ್ರಿಯಿಡೀ ಇಟ್ಟಾಗ 4.6 ಗ್ರಾಂ ಉಳಿಯಿತು. ಅದನ್ನು ಮಫಲ್ ಫರ್ನೇಸಿನಲ್ಲಿ 550 ಡಿಗ್ರಿಗೆ ಸುಟ್ಟಾಗ 0.4 ಗ್ರಾಂ ಬೂದಿ ಉಳಿಯಿತು. ಹಾರಿಹೋದದ್ದು 4.2 ಗ್ರಾಂ, ಅಂದರೆ ಹಸಿ ಮುಸುರೆಯ ಶೇ 21. ಹಾಗಾಗಿ ದಿನಕ್ಕೆ ಕ್ಯಾನಿಗೆ ಬೀಳುವುದು 12.6 ಗ್ರಾಂ.

ಉಪ್ಪುನೀರಿನ ಕ್ಯಾನಿನಲ್ಲಿ ಕೊನೆಯ ಹತ್ತು ದಿನಗಳ ಸರಾಸರಿ ದಿನಕ್ಕೆ 8.2 ಲೀಟರ್. ಜೊತೆಗೆ 2 ಲೀಟರಿನ ಬಾಟಲಿಯಲ್ಲಿ ಅದೇ ಗೋಬರ್ ಗ್ಯಾಸಿನ ಬಗ್ಗಡ ಒಂದೂವರೆ ಲೀಟರನ್ನು ಮುಸುರೆ ಹಾಕದೆ ಇಟ್ಟಿದ್ದೆವು, ಅದು ದಿನಕ್ಕೆ 110 ಮಿಲಿ ಕೊಟ್ಟಿತು. 15 ಲೀಟರಿಗೆ ಹೋಲಿಸಿದರೆ 1.1 ಲೀಟರ್. ಅದನ್ನು ಕಳೆದರೆ ಮುಸುರೆಯ ಪಾಲಿಗೆ 7.1 ಲೀಟರ್ ಉಳಿಯುತ್ತದೆ. 12.6ರಿಂದ ಭಾಗಿಸಿದರೆ ಗ್ರಾಮಿಗೆ 0.56 ಲೀಟರ್. ನಾವು ಮೊದಲು ಹಿಡಿದಿದ್ದ 0.6ಕ್ಕೆ ಇದು ಹತ್ತಿರವಾಗಿಯೇ ಬಂದಿದೆಯಲ್ಲವೇ?

ಅಳತೆಗೋಲು

ಹತ್ತಿರ ಬಂದಂತೆ ಕಾಣುತ್ತದೆ ಅಷ್ಟೇ. ಪುಸ್ತಕಗಳ 0.6 ಸಾಮಾನ್ಯವಾಗಿ ಸೊನ್ನೆ ಡಿಗ್ರಿಗೆ, ಸಮುದ್ರಮಟ್ಟದ ಒತ್ತಡಕ್ಕೆ, ತೇವವಿಲ್ಲದ ಗ್ಯಾಸಿಗೆ ಇಳಿಸಿದ ಅಂಕಿ. ನೀವು ಅಳೆದದ್ದು ಬಿಸಿಯಾದ, ತೇವವಿರುವ ಗ್ಯಾಸನ್ನು, ಅದೂ ಸಮುದ್ರಮಟ್ಟದಿಂದ 600 ಮೀಟರ್ ಎತ್ತರದ ದಾವಣಗೆರೆಯಲ್ಲಿ. ಅಲ್ಲಿನ ಗಾಳಿಯ ಒತ್ತಡ ಸುಮಾರು 94.3 ಕಿಲೋಪಾಸ್ಕಲ್, 28 ಡಿಗ್ರಿಯಲ್ಲಿ ನೀರಾವಿಯ ಪಾಲು 3.8. ಈ ಸೂತ್ರಕ್ಕೆ ಹಾಕಿ ನೋಡಿ:

```
Vn = V × 273/(273 + t) × (P − Pw)/101.3
   = 7.1 × 273/301 × (94.3 − 3.8)/101.3
   = 5.75
```

ಐದರಲ್ಲೊಂದು ಪಾಲು ಹೋಯಿತು. ಈಗ ಗ್ರಾಮಿಗೆ 0.46 ಲೀಟರ್. ಇದೇ ಕ್ಯಾನನ್ನು ಮಂಗಳೂರಿಗೆ ಒಯ್ದು ಅಷ್ಟೇ ಗ್ಯಾಸು ಹುಟ್ಟಿಸಿದರೂ ಜಾರಿನಲ್ಲಿ ಬೀಳುವ ನೀರು ಕಡಿಮೆ ಇರುತ್ತದೆ, ಏಕೆಂದರೆ ಅಲ್ಲಿ ಒತ್ತಡ ಹೆಚ್ಚು. ಎಲ್ಲಿ ಅಳೆದದ್ದು, ಯಾವ ಉಷ್ಣತೆಯಲ್ಲಿ ಅಳೆದದ್ದು ಎಂದು ಬರೆಯದ ಲೀಟರಿಗೆ ಅರ್ಥವೇ ಇಲ್ಲ.

ಕೆಮಿಸ್ಟ್ರಿ_ಮೇಷ್ಟ್ರು

ಒಲೆ ಉರಿಯುವುದು ದಾವಣಗೆರೆಯಲ್ಲೇ ಹೊರತು ಸಮುದ್ರದ ದಂಡೆಯಲ್ಲಿ ಅಲ್ಲ. ಗ್ಯಾಸು ತುಂಬಿಡುವ ಡ್ರಮ್ಮು ಎಷ್ಟು ದೊಡ್ಡದಿರಬೇಕು ಎಂದು ತೀರ್ಮಾನಿಸುವಾಗ ಅಲ್ಲಿಯ ಲೀಟರೇ ಬೇಕು. ಸುಣ್ಣದ ವಿಷಯದಲ್ಲಿ ನಾನು ತಪ್ಪಿರಬಹುದು, ಇದರಲ್ಲಿ ತಪ್ಪಿಲ್ಲ.

ಬಗ್ಗಡದ_ಲೆಕ್ಕ

ಇಬ್ಬರ ಮಾತೂ ಅವರವರ ಕೆಲಸಕ್ಕೆ ಸರಿ. ಡ್ರಮ್ಮಿನ ಅಳತೆಗೆ 8.2 ಲೀಟರನ್ನು ಇಟ್ಟುಕೊಳ್ಳಿ, ಬೇರೆಯವರ ಇಳುವರಿಯ ಜೊತೆ ಹೋಲಿಸಲು 5.75 ಲೀಟರನ್ನು. ಎರಡನ್ನೂ ವರದಿಯಲ್ಲಿ ಕೊಡಿ.

ಆದರೆ ಗ್ಯಾಸಿನ ಒಟ್ಟು ಪ್ರಮಾಣಕ್ಕಿಂತ ಮೀಥೇನ್ ಎಷ್ಟೆಂಬುದೇ ನನಗೆ ಮುಖ್ಯ. ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ. 50 ಮಿಲಿಯ ಸಿರಿಂಜಿನಲ್ಲಿ ಗ್ಯಾಸ್ ತುಂಬಿ, ಕಾಸ್ಟಿಕ್ ಸೋಡಾದ ದ್ರಾವಣವನ್ನು ಸ್ವಲ್ಪ ಒಳಕ್ಕೆಳೆದು, ಬಾಯಿ ಮುಚ್ಚಿ ಅಲುಗಿಸಿದರೆ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಕರಗಿ, ಉಳಿದ ಗ್ಯಾಸಿನ ಬಹುಪಾಲು ಮೀಥೇನ್ ಆಗಿರುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡೇ ಮಾಡಬೇಕು, ಕಾಸ್ಟಿಕ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಗ್ಯಾಸನ್ನು ಅಳತೆಯ ಕ್ಯಾನಿನಿಂದ ತೆಗೆಯದೆ, ಡೈಜೆಸ್ಟರಿನಿಂದ ಬರುವ ನಳಿಗೆಯಿಂದಲೇ ತೆಗೆಯಿರಿ.

ಹರಿಹರ_ಸಿವಿಲ್

ಮೂರು ಸಲ ಮಾಡಿದೆವು. 50 ಮಿಲಿಯಲ್ಲಿ 29, 29, 28 ಮಿಲಿ ಉಳಿಯಿತು. ಸುಮಾರು ಶೇ 57 ಎಂದು ಹಿಡಿದರೆ ಮೀಥೇನ್ ದಿನಕ್ಕೆ 3.3 ಲೀಟರ್, ಗ್ರಾಮಿಗೆ 0.26 ಲೀಟರ್. ಇದು ಒಳ್ಳೆಯದೋ ಕೆಟ್ಟದ್ದೋ ತಿಳಿಯುತ್ತಿಲ್ಲ.

ಬಗ್ಗಡದ_ಲೆಕ್ಕ

ಅದನ್ನು ತಿಳಿಯಲು ಮೇಲಿನ ಗಡಿ ಎಲ್ಲಿದೆ ಎಂದು ನೋಡಬೇಕು. ಅನ್ನದ ಪಿಷ್ಟ ಪೂರ್ತಿ ಗ್ಯಾಸಾಗುವಾಗ ಅರ್ಧ ಮೀಥೇನ್, ಅರ್ಧ ಇಂಗಾಲದ ಡೈಆಕ್ಸೈಡ್ ಆಗುತ್ತದೆ:

```
C6H10O5 + H2O → 3 CH4 + 3 CO2
```

162 ಗ್ರಾಂ ಪಿಷ್ಟಕ್ಕೆ 67.2 ಲೀಟರ್ ಮೀಥೇನ್, ಅಂದರೆ ಗ್ರಾಮಿಗೆ 0.415 ಲೀಟರ್. ಬೇಳೆಯ ಪ್ರೋಟೀನು ಅರ್ಧ ಲೀಟರಿನ ಹತ್ತಿರ, ಒಗ್ಗರಣೆಯ ಎಣ್ಣೆ ಒಂದು ಲೀಟರಿನಷ್ಟು ಕೊಡಬಲ್ಲವು. ಮೆಸ್ಸಿನ ಮುಸುರೆಯಲ್ಲಿ ಅನ್ನವೇ ಹೆಚ್ಚಾದ್ದರಿಂದ ನಿಮ್ಮ ಗಡಿ 0.45ರ ಆಸುಪಾಸಿನಲ್ಲಿ ಇರಬಹುದು. ಯಾರಾದರೂ ಅನ್ನದಿಂದ ಗ್ರಾಮಿಗೆ 0.6 ಲೀಟರ್ ಮೀಥೇನ್ ತೆಗೆದೆವೆಂದರೆ ಅಳತೆಯನ್ನು ಸಂಶಯಿಸಿ, ಪಿಷ್ಟದ ಇಂಗಾಲದಲ್ಲಿ ಅರ್ಧ ಮಾತ್ರ ಮೀಥೇನ್ ಆಗಬಲ್ಲದು. ಬಿಸಿ ಮಾಡದೆ, ಸರಿಯಾಗಿ ಕದಡದೆ ಗಡಿಯ ಐದರಲ್ಲಿ ಮೂರು ಪಾಲು ಸಿಕ್ಕಿದೆ ಎಂದರೆ ಅದು ನಂಬಬಹುದಾದ ಅಂಕಿ.

ಬರೀ ಪಿಷ್ಟವಾದರೆ ಅರ್ಧಕ್ಕರ್ಧ ಬರಬೇಕಿತ್ತು, ನಿಮಗೆ ಶೇ 57 ಬಂತು. ಒಂದಿಷ್ಟು ಇಂಗಾಲದ ಡೈಆಕ್ಸೈಡ್ ಬಗ್ಗಡದಲ್ಲೇ ಬೈಕಾರ್ಬನೇಟ್ ಆಗಿ ಉಳಿದು ಹೊರಕ್ಕೆ ಹರಿದುಹೋಗುತ್ತದೆ, ಎಣ್ಣೆ ಮತ್ತು ಬೇಳೆಯ ಪಾಲೂ ಸ್ವಲ್ಪ ಇದೆ. ಯಾವುದರಿಂದ ಎಷ್ಟು ಎಂದು ನಿಮ್ಮ ಅಂಕಿಗಳಿಂದ ಬೇರ್ಪಡಿಸಲಾಗದು.

ಅಳತೆಗೋಲು

ನಂಬಬಹುದಾದ ಅಂಕಿ ಎಂಬ ಮಾತಿಗೆ ನನ್ನ ಆಕ್ಷೇಪವಿದೆ. ದಿನಕ್ಕೆ 0.3 ಲೀಟರ್ ಒಳಗೆ ಹೋಗುವ 15 ಲೀಟರಿನ ಕ್ಯಾನಿನಲ್ಲಿ ಬಗ್ಗಡ ಒಮ್ಮೆ ಪೂರ್ತಿ ಬದಲಾಗಲು 50 ದಿನ ಬೇಕು. ಇವರು ಅಳೆದದ್ದು 18ನೆಯ ದಿನದವರೆಗೆ. ಕ್ಯಾನಿನಲ್ಲಿ ಈಗಲೂ ಹಳೆಯ ಸಗಣಿಯೇ ಹೆಚ್ಚಿದೆ. ಬಾಟಲಿಯಲ್ಲಿರುವುದು ಬರೀ ಗೋಬರ್ ಗ್ಯಾಸಿನ ಬಗ್ಗಡ, ಕ್ಯಾನಿನಲ್ಲಾದರೋ ಹುಳಿಬಂದ 5 ಲೀಟರ್ ಹಳೆಯದೂ ಇತ್ತು, ಆದ್ದರಿಂದ ಕಳೆದ 1.1 ಲೀಟರ್ ಕೂಡ ಅಂದಾಜೇ.

ಬಗ್ಗಡದ_ಲೆಕ್ಕ

ಆಕ್ಷೇಪ ನ್ಯಾಯವಾದದ್ದೇ. ಆದರೆ ಅನ್ನದಂಥ ವಸ್ತು ಒಂದು ವಾರದೊಳಗೆ ಬಹುಪಾಲು ಒಡೆಯುತ್ತದೆ, 50 ದಿನ ಕಾಯಬೇಕಾದ್ದು ನಾರಿಗೆ. ಹಾಗಾಗಿ ಗ್ಯಾಸಿನ ಅಂಕಿ ಇನ್ನು ತುಂಬಾ ಬದಲಾಗದೆಂದು ನನ್ನ ಅಂದಾಜು. ಬದಲಾಗುವುದಾದರೆ ಅದು ಕೆಟ್ಟ ಕಡೆಗೆ: ಸಗಣಿ ತೊಳೆದುಹೋದ ಹಾಗೆ ಹುಳಿಯನ್ನು ತಡೆಯುವ ಶಕ್ತಿ ಕಡಿಮೆಯಾಗುತ್ತದೆ, ಆಗ ಇದೇ 60 ಗ್ರಾಮಿಗೂ ಪಿಎಚ್ ಜಾರಬಹುದು. ವಾರಕ್ಕೆರಡು ಸಲ ಪಿಎಚ್ ನೋಡಿ, ಅದಕ್ಕಿಂತ ಮೊದಲೇ ಸುಳಿವು ಬೇಕಿದ್ದರೆ ಸಿರಿಂಜಿನ ಅಂಕಿಯನ್ನು ಗಮನಿಸಿ. ಮೀಥೇನ್ ಶೇ 50ರತ್ತ ಇಳಿಯತೊಡಗಿದರೆ ಪಿಎಚ್ ಪೇಪರಿನ ಬಣ್ಣ ಬದಲಾಗುವ ಮೊದಲೇ ಮುಸುರೆ ನಿಲ್ಲಿಸಿ.

ತೋಟದಮನೆ_ಶಿರಸಿ

ಅದಕ್ಕೇ ನಾನು ಮೊದಲೇ ಸಗಣಿ ಎಂದದ್ದು. ದಿನಕ್ಕೆ ಒಂದು ಹಿಡಿ ಸಗಣಿಯನ್ನೂ ಮುಸುರೆಯ ಜೊತೆ ಹಾಕಿದರೆ ಈ ಹೆದರಿಕೆಯೇ ಇರುವುದಿಲ್ಲ.

ಬಗ್ಗಡದ_ಲೆಕ್ಕ

ನಿಜ, ಮನೆಯ ಪ್ಲಾಂಟಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿ ಮುಸುರೆಯ ಇಳುವರಿಯನ್ನೇ ಅಳೆಯಬೇಕಾಗಿರುವುದರಿಂದ, ದಿನವೂ ಸಗಣಿ ಬಿದ್ದರೆ ಕಳೆಯಬೇಕಾದ ಲೆಕ್ಕ ಇನ್ನೊಂದು ಹೆಚ್ಚಾಗುತ್ತದೆ.

ಹರಿಹರ_ಸಿವಿಲ್

ವೈವಾಕ್ಕೆ ಇನ್ನು ಎರಡು ವಾರ ಇದೆ, ಅಷ್ಟರಲ್ಲಿ 32ನೆಯ ದಿನವಾಗುತ್ತದೆ, 50 ಮುಟ್ಟುವುದಿಲ್ಲ. ಗ್ರಾಫಿನಲ್ಲಿ ಅಡ್ಡಗೆರೆಯನ್ನು 50ರವರೆಗೆ ಎಳೆದು ಉಳಿದ ಜಾಗವನ್ನು ಖಾಲಿ ಬಿಡುತ್ತೇವೆ. ಹುಳಿಯಾದ ಆರು ದಿನಗಳನ್ನೂ ಸೋಡಾದ 6 ಲೀಟರನ್ನೂ ಬೇರೆ ಬಣ್ಣದಲ್ಲಿ ತೋರಿಸಿದ್ದೇವೆ. ಫ್ರೀಜರಿನಲ್ಲಿ ಇನ್ನೂ ಮೂವತ್ತಕ್ಕೂ ಹೆಚ್ಚು ಪೊಟ್ಟಣಗಳಿವೆ. ವೈವಾ ಮುಗಿದ ಮೇಲೂ ಜೂನಿಯರ್ ಒಬ್ಬರು ಹಾಕುತ್ತೇನೆ ಎಂದಿದ್ದಾರೆ. ಅವರು ಭಾನುವಾರ ಊರಿಗೆ ಹೋಗುವುದರಿಂದ ಶನಿವಾರವೇ ಎರಡು ಪೊಟ್ಟಣ ಹಾಕಬಹುದೇ?

ಬಗ್ಗಡದ_ಲೆಕ್ಕ

ಬೇಡ. ಭಾನುವಾರ ಉಪವಾಸ ಇರಲಿ, ಸೋಮವಾರ ಒಂದೇ ಪೊಟ್ಟಣ ಹಾಕಲಿ. ಸೋಮವಾರ ಬೆಳಗಿನ ಅಳತೆಯ ಪಕ್ಕದಲ್ಲಿ ಅದು ಎರಡು ದಿನದ್ದೆಂದು ಬರೆದಿಡಲು ಹೇಳಿ.